ಮೇಜಿನ ಮೇಲೆ ಕೂರಲೊಲ್ಲದ ಡಬ್ಬಿ

ಆನ್‌ಲೈನ್ ಮಾರಾಟಕ್ಕೆಂದು ಒಂದು ಚಿತ್ರ ಸಿದ್ಧವಾಗಿದೆ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಮೇಜು, ಅದರ ಮೇಲೆ ಬಿಳಿ ಲೇಬಲ್ಲಿನ ಕಾಫಿಪುಡಿ ಡಬ್ಬಿ. ಮೇಜಿನ ಫೋಟೋ ಒಂದು ಕಡೆ ತೆಗೆದದ್ದು, ಡಬ್ಬಿಯದು ಇನ್ನೊಂದು ಕಡೆ. ಡಬ್ಬಿಯನ್ನು ಕತ್ತರಿಸಿ ತಂದು ಮೇಜಿನ ಮೇಲಿಟ್ಟು, ಅದರದೇ ಇನ್ನೊಂದು ಪ್ರತಿಯನ್ನು ತಲೆಕೆಳಗು ಮಾಡಿ ಕೆಳಗೆ ಅಂಟಿಸಿ ಮಸುಕುಗೊಳಿಸಿದ್ದಾರೆ. ಆದರೂ ಡಬ್ಬಿ ಮೇಜಿನ ಮೇಲೆ ಕೂತಿಲ್ಲ, ತೇಲುತ್ತಿದೆ.

ತಪ್ಪಿರುವುದು ಆ ತಲೆಕೆಳಗಿನ ಪ್ರತಿಯಲ್ಲೇ. ಕ್ಯಾಮೆರಾ ಮೇಲಿನಿಂದ ಓರೆಯಾಗಿ ನೋಡಿದ್ದರಿಂದ ಫೋಟೋದಲ್ಲಿ ಮುಚ್ಚಳದ ಮೇಲ್ಭಾಗ ಕಾಣುತ್ತದೆ. ನುಣುಪು ಮೇಜಿನ ಪ್ರತಿಬಿಂಬದಲ್ಲಿ ಕಾಣಬೇಕಾದದ್ದು ಬೇರೆಯೇ ನೋಟ: ಕ್ಯಾಮೆರಾ ಮೇಜಿನಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆಳಕ್ಕೆ ಇಳಿದು ಮೇಲಕ್ಕೆ ನೋಡಿದರೆ ಸಿಗುವ ನೋಟ. ಅಲ್ಲಿಂದ ಮುಚ್ಚಳದ ಮೇಲ್ಭಾಗ ಕಾಣುವುದು ಸಾಧ್ಯವಿಲ್ಲ, ಅದರ ಅಂಚಿನ ಅಡಿಭಾಗವಷ್ಟೇ ಕಂಡೀತು.

ತಳದ ಅಂಚಿನಲ್ಲಿ ಈ ತಪ್ಪು ಇನ್ನೂ ಎದ್ದು ಕಾಣುತ್ತದೆ. ಫೋಟೋದಲ್ಲಿ ದುಂಡು ತಳದ ಮುಂಭಾಗ ಕೆಳಕ್ಕೆ ಬಾಗಿರುತ್ತದೆ. ತಲೆಕೆಳಗು ಮಾಡಿದ ಪ್ರತಿಯಲ್ಲಿ ಅದು ಮೇಲಕ್ಕೆ ಬಾಗುತ್ತದೆ. ಎರಡು ಬಾಗುಗಳೂ ನಡುವೆ ಒಂದೇ ಬಿಂದುವಿನಲ್ಲಿ ಮುಟ್ಟಿ, ಎಡಬಲದಲ್ಲಿ ಸಂದು ಬಿಡುತ್ತವೆ. ಡಬ್ಬಿ ತೇಲುವಂತೆ ಕಾಣುವುದು ಆ ಸಂದಿನಿಂದ. ನಿಜವಾದ ಪ್ರತಿಬಿಂಬ ತಳದ ಅಂಚಿಗೆ ಕೂಡಿಕೊಂಡೇ ಶುರುವಾಗುತ್ತದೆ, ಅದರೊಳಗಿನ ಲೇಬಲ್ಲಿನ ಗೆರೆಗಳೂ ಕೆಳಕ್ಕೇ ಬಾಗುತ್ತವೆ. ಆದ್ದರಿಂದ ಪ್ರತಿಯಿಂದ ಮುಚ್ಚಳದ ಮೇಲ್ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಫೋಟೋಶಾಪ್‌ನ Warp ಬಳಸಿ ಬಗ್ಗಿಸಬೇಕು. ಇದಕ್ಕಿಂತ ಒಳ್ಳೆಯ ಉಪಾಯವೂ ಇದೆ. ಡಬ್ಬಿಯನ್ನು ಎತ್ತರದ ಸ್ಟ್ಯಾಂಡಿನ ಮೇಲಿಟ್ಟು, ಮೊದಲು ಮೇಲಿನಿಂದ ನೋಡಿದ ಕೋನದಲ್ಲೇ ಈಗ ಕೆಳಗಿನಿಂದ ಇನ್ನೊಂದು ಫೋಟೋ ತೆಗೆಯುವುದು. ಅದನ್ನು ತಲೆಕೆಳಗು ಮಾಡಿದರೆ ಪ್ರತಿಬಿಂಬದ ನಿಜವಾದ ನೋಟವೇ ಕೈಗೆ ಬರುತ್ತದೆ.

ಪ್ರತಿಬಿಂಬ ಎಷ್ಟು ಪ್ರಖರವಾಗಿರಬೇಕು? ಹೆಚ್ಚಿನವರು ಕಣ್ಣಂದಾಜಿನಲ್ಲಿ ಇದನ್ನು ನಿರ್ಧರಿಸುತ್ತಾರೆ, ಆದರೆ ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲೇ ಇದರ ಲೆಕ್ಕ ಕೊಟ್ಟಿದ್ದಾನೆ. ಗಾಜಿನಂಥ ನುಣುಪು ಮೈಯನ್ನು ನೇರ ಮೇಲಿನಿಂದ ನೋಡಿದರೆ ಅದು ಸುಮಾರು ಶೇ. 4ರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ. ಲಂಬದಿಂದ 60 ಡಿಗ್ರಿ ಓರೆಯಾಗಿ ನೋಡಿದರೆ ಶೇ. 9, 80 ಡಿಗ್ರಿಗೆ ಶೇ. 39. ನಮ್ಮ ಡಬ್ಬಿಯ ಫೋಟೋ 60 ಡಿಗ್ರಿಯದು ಎಂದುಕೊಳ್ಳೋಣ. ಹಾಗೆಂದು ಲೇಯರ್‌ನ ಅಪಾರದರ್ಶಕತೆಯನ್ನು ಶೇ. 9ಕ್ಕೆ ಇಳಿಸಿದರೆ ಪ್ರತಿಬಿಂಬ ಕಾಣುವುದೇ ಕಷ್ಟ. ಚಿತ್ರದ ಫೈಲಿನಲ್ಲಿರುವ ಸಂಖ್ಯೆಗಳು ಬೆಳಕಿನ ನೇರ ಅಳತೆಯಲ್ಲ, ಕತ್ತಲೆಯ ಕಡೆಯ ಛಾಯೆಗಳಿಗೆ ಹೆಚ್ಚು ಜಾಗ ಕೊಡುವಂತೆ ಅವನ್ನು ಹಿಗ್ಗಿಸಿರುತ್ತಾರೆ. ಆ ಲೆಕ್ಕದಲ್ಲಿ ಶೇ. 9ರಷ್ಟು ಬೆಳಕೆಂದರೆ ಕಪ್ಪು ಮೇಜಿನ ಮೇಲೆ ಸುಮಾರು ಶೇ. 33 ಅಪಾರದರ್ಶಕತೆ.

ಪ್ರತಿಬಿಂಬ ಬೆಳಕನ್ನು ಕೂಡಿಸುತ್ತದೆ ಎಂಬ ಕಾರಣಕ್ಕೆ ಲೇಯರ್‌ಗೆ Screen ವಿಧಾನ ಹಚ್ಚುವುದು ರೂಢಿ. ಮೇಜು ಹಿಂದಿನ ಗೋಡೆಯನ್ನೋ ಕಿಟಕಿಯನ್ನೋ ಪ್ರತಿಫಲಿಸುತ್ತಿದ್ದರೆ ಇದು ಕೈಕೊಡುತ್ತದೆ. ನಿಜವಾದ ಡಬ್ಬಿ ಆ ಹೊಳಪಿಗೆ ಅಡ್ಡ ನಿಲ್ಲುತ್ತಿತ್ತು. ಆದ್ದರಿಂದ ಪ್ರತಿಬಿಂಬ ಬೀಳುವ ಜಾಗದಲ್ಲಿ ಮೊದಲು ಹಳೆಯ ಹೊಳಪನ್ನು ಅಳಿಸಬೇಕು. ಇಲ್ಲದಿದ್ದರೆ ಡಬ್ಬಿಯ ಮೂಲಕ ಕಿಟಕಿ ಕಾಣುತ್ತದೆ!

ನೆರಳಿನ ದಾರಿಯೇ ಬೇರೆ. ಕ್ಯಾಮೆರಾ ಸರಿದರೆ ಮೇಜಿನ ಮೇಲೆ ಪ್ರತಿಬಿಂಬದ ಜಾಗ ಸರಿಯುತ್ತದೆ, ನೆರಳಿನ ಜಾಗ ಸರಿಯುವುದು ದೀಪ ಸರಿದಾಗ ಮಾತ್ರ. ಮೇಜಿನ ಮೈ ಎಲ್ಲ ದಿಕ್ಕಿಗೂ ಚದುರಿಸುವ ಬೆಳಕಿನಲ್ಲಷ್ಟೇ ನೆರಳು ಕಾಣುತ್ತದೆ. ಶುದ್ಧ ಕನ್ನಡಿಯ ಮೇಲೆ ನೆರಳೇ ಇರುವುದಿಲ್ಲ. ಕಪ್ಪು ಗ್ರಾನೈಟ್ ಹಾಗೆ ಚದುರಿಸುವುದು ಕಡಿಮೆಯಾದ್ದರಿಂದ ಅಲ್ಲಿ ನೆರಳು ತೀರ ತೆಳು, ಬಿಳಿ ಲ್ಯಾಮಿನೇಟ್ ಮೇಲೆ ಢಾಳು. ಇದರಿಂದ ಲೇಯರ್‌ಗಳ ಕ್ರಮವೂ ತಾನಾಗಿ ತೀರ್ಮಾನವಾಗುತ್ತದೆ: ಕೆಳಗೆ ಮೇಜು, ಅದರ ಮೇಲೆ Multiply ವಿಧಾನದ ನೆರಳು, ಅದಕ್ಕೂ ಮೇಲೆ ಪ್ರತಿಬಿಂಬ, ಕೊನೆಗೆ ಡಬ್ಬಿ. ನೆರಳನ್ನು ಪ್ರತಿಬಿಂಬದ ಮೇಲಿಟ್ಟರೆ ಲೇಬಲ್ಲಿನ ಬಿಂಬವೂ ಕಪ್ಪಾಗುತ್ತದೆ, ನಿಜದಲ್ಲಿ ಹಾಗಾಗುವುದಿಲ್ಲ.

ನೆರಳಿಗೆಲ್ಲ ಒಂದೇ ಬ್ಲರ್ ಹಾಕುವುದೂ ತಪ್ಪೇ. ಡಬ್ಬಿ 15 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲ ಇದೆ ಎನ್ನಿ. ಒಂದು ಮೀಟರ್ ಅಗಲದ ಕಿಟಕಿ ಎರಡು ಮೀಟರ್ ದೂರದಲ್ಲಿದ್ದು, ಬೆಳಕು 45 ಡಿಗ್ರಿ ಇಳಿಜಾರಿನಲ್ಲಿ ಬರುತ್ತಿದೆ. ಮುಚ್ಚಳದ ಅಂಚನ್ನು ಸವರಿದ ಕಿರಣ ಮೇಜು ಮುಟ್ಟಲು ಸುಮಾರು 21 ಸೆಂ.ಮೀ. ಸಾಗುತ್ತದೆ. ಕಿಟಕಿಯ ಅಗಲ ಅದರ ದೂರದ ಅರ್ಧವಾದ್ದರಿಂದ ನೆರಳಿನ ಮಬ್ಬು ಅಂಚೂ ಈ 21ರ ಅರ್ಧ, ಸುಮಾರು 10 ಸೆಂ.ಮೀ. ಆಗುತ್ತದೆ. ಅಂದರೆ ನೆರಳಿನ ತುದಿಯ ಮಬ್ಬು ಡಬ್ಬಿಯಷ್ಟೇ ಅಗಲ. ತಳದಲ್ಲಿ ಅದು ಸೊನ್ನೆ, ಅಲ್ಲಿ ಕಡ್ಡಿಯಷ್ಟು ತೆಳ್ಳನೆಯ ಗಾಢ ಗೆರೆ ಇರಲೇಬೇಕು.

ಕೆಲಸ ಮುಗಿದ ಮೇಲೆ ಅಳತೆಪಟ್ಟಿಯಲ್ಲೇ ಪರೀಕ್ಷಿಸಬಹುದು. ಲೇಬಲ್ಲಿನ ಒಂದೊಂದು ಬಿಂದುವನ್ನೂ ಪ್ರತಿಬಿಂಬದಲ್ಲಿರುವ ಅದರ ಜೋಡಿಗೆ ಗೆರೆ ಎಳೆದು ಕೂಡಿಸಿದರೆ, ಆ ಗೆರೆಗಳೆಲ್ಲ ಸಮಾನಾಂತರವಾಗಿರಬೇಕು, ಇಲ್ಲವೇ ಮುಂದುವರಿದು ಒಂದೇ ಬಿಂದುವಿನಲ್ಲಿ ಕೂಡಬೇಕು. ತಿದ್ದಿದ ಫೋಟೋಗಳನ್ನು ಪತ್ತೆ ಹಚ್ಚಲು ಅಮೆರಿಕದ ಜೇಮ್ಸ್ ಓಬ್ರಿಯನ್ ಮತ್ತು ಹ್ಯಾನಿ ಫರೀದ್ 2012ರಲ್ಲಿ ವಿವರಿಸಿದ ವಿಧಾನಕ್ಕೆ ಆಧಾರ ಇದೇ ನಿಯಮ. ಈ ಪರೀಕ್ಷೆಗೆ ಸಿಗದ ಒಂದು ತೊಂದರೆಯೂ ಇದೆ. ಡಬ್ಬಿಯದು ಹೊಳೆಯುವ ತಗಡಾದರೆ ಅದರ ಮೈಮೇಲೂ ಮೇಜಿನ ಬಿಂಬ ಬಿದ್ದಿರಬೇಕು. ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ತೆಗೆದ ಡಬ್ಬಿಯ ತಳದಂಚು ಬೆಳ್ಳಗೆ ಹೊಳೆಯುತ್ತಿರುತ್ತದೆ. ಕಪ್ಪು ಮೇಜಿಗೆ ತಂದಾಗ ಅದನ್ನು ಕೈಯಾರೆ ಕಪ್ಪಾಗಿಸಬೇಕು, ಇಲ್ಲವೇ ಡಬ್ಬಿಯನ್ನು ಕಪ್ಪು ಅಕ್ರಿಲಿಕ್ ಹಾಳೆಯ ಮೇಲಿಟ್ಟು ಮತ್ತೆ ಫೋಟೋ ತೆಗೆಯಬೇಕು.