ಸರ್ವರ್‌ನ ಸ್ವಯಂಪರೀಕ್ಷಾ ವೈಫಲ್ಯ

ಸರ್ವರ್‌ ಚಾಲನೆಗೊಂಡೊಡನೆ ಅದರ ಫರ್ಮ್‌ವೇರ್ ಪ್ರೊಸೆಸರ್, ಮೆಮೊರಿ ಮೊದಲಾದ ಭಾಗಗಳನ್ನು ತಾನೇ ಪರೀಕ್ಷಿಸುತ್ತದೆ. ಈ ಪರೀಕ್ಷೆ ವಿಫಲವಾದಾಗ ಪರದೆಯಲ್ಲಿ ಏನೂ ಮೂಡದೆ, ಮುಂಭಾಗದ ಹಳದಿ-ಕಿತ್ತಳೆ ಬಣ್ಣದ ಅಂಬರ್ ದೀಪವಷ್ಟೇ ಉರಿಯಬಹುದು. ದೋಷವಿದೆ ಎಂಬುದನ್ನು ದೀಪ ಸೂಚಿಸುತ್ತದೆ. ಯಾವ ಭಾಗದ್ದೆಂದು ಅದೊಂದರಿಂದಲೇ ತಿಳಿಯುವುದು ವಿರಳ. ಆ ವಿವರ ಮದರ್‌ಬೋರ್ಡ್‌ನಲ್ಲಿರುವ ದೂರನಿರ್ವಹಣಾ ನಿಯಂತ್ರಕದ ಘಟನಾ ದಾಖಲೆಯಲ್ಲಿರುತ್ತದೆ. ಈ ನಿಯಂತ್ರಕವು ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದ ನಡೆಯುವುದರಿಂದ, ಸರ್ವರ್‌ ಚಾಲನೆಗೊಳ್ಳದಿದ್ದರೂ ಜಾಲದ ಮೂಲಕ ದಾಖಲೆಯನ್ನು ಓದಬಹುದು. 1998ರಲ್ಲಿ ಪ್ರಕಟವಾದ ಐಪಿಎಂಐ ಮಾನದಂಡವನ್ನು ಪಾಲಿಸುವ ಯಂತ್ರಗಳಲ್ಲಿ ಆದೇಶ ಹೀಗಿರುತ್ತದೆ:

```
ipmitool -I lanplus -H 192.168.1.50 -U admin -a sel elist
```

ಫಲಿತಾಂಶದಲ್ಲಿ `Uncorrectable ECC` ಎಂದು ಕಂಡರೆ ಅದು ಮೆಮೊರಿಯ ದೋಷ. ವಿದ್ಯುತ್ ಸಂಪರ್ಕ ತೆಗೆದು, ಸೂಚಿತ ಮಾಡ್ಯೂಲನ್ನು ಬೇರೊಂದು ಮಾಡ್ಯೂಲಿನೊಂದಿಗೆ ಅದಲುಬದಲು ಮಾಡಿ, ಮರುಚಾಲನೆಯ ಬಳಿಕ ದಾಖಲೆಯನ್ನು ಪುನಃ ಓದಬೇಕು. ದೋಷವು ಮಾಡ್ಯೂಲನ್ನೇ ಹಿಂಬಾಲಿಸಿದರೆ ಕೆಟ್ಟಿರುವುದು ಮಾಡ್ಯೂಲು. ಹಳೆಯ ಸ್ಲಾಟಿನಲ್ಲೇ ಉಳಿದರೆ ಸ್ಲಾಟನ್ನೋ ಪ್ರೊಸೆಸರನ್ನೋ ಶಂಕಿಸಬೇಕು. ನಿಯಂತ್ರಕದ ಗಡಿಯಾರ ತಪ್ಪಿದ್ದರೆ ದಾಖಲೆಯ ದಿನಾಂಕವೂ ತಪ್ಪಾಗಿರುತ್ತದೆ.