ಬಿಲ್ಲಿನ ಒಟ್ಟು ತಾಳೆಯಾದರೆ ಸಾಕೇ?

ಬಿಲ್ಲಿನ ಫೋಟೊದಿಂದ ಅಂಕಿಗಳನ್ನು ತೆಗೆದು ಕೂಡಿಸಿ, ಒಟ್ಟು ತಾಳೆಯಾಯಿತೆಂದು ಅಲ್ಲಿಗೇ ಬಿಡಬೇಡಿ. ಈ ಬಿಲ್ಲು ನೋಡಿ: ಸರಕಿನ ಬೆಲೆ 12,450 ರೂಪಾಯಿ, ತೆರಿಗೆ ಶೇ. 18. ಸಿಜಿಎಸ್‌ಟಿ 1,120.50, ಎಸ್‌ಜಿಎಸ್‌ಟಿಯೂ ಅಷ್ಟೇ, ಒಟ್ಟು 14,691. ಲೆಕ್ಕ ಪಕ್ಕಾ. ಆದರೆ ಮಾರಿದವರ ಜಿಎಸ್‌ಟಿ ಸಂಖ್ಯೆ ಶುರುವಾಗುವುದು 29ರಿಂದ, ಅಂದರೆ ಕರ್ನಾಟಕ. ಪೂರೈಕೆಯ ಸ್ಥಳದ ಎದುರು ಇರುವುದು 33, ತಮಿಳುನಾಡು. ಹಾಗಿದ್ದರೆ ಇಲ್ಲಿರಬೇಕಾದದ್ದು 2,241 ರೂಪಾಯಿ ಐಜಿಎಸ್‌ಟಿ ಮಾತ್ರ. ಹೇಗೆ ಹಾಕಿದರೂ ಒಟ್ಟು ಒಂದೇ ಆಗುವುದರಿಂದ ಬರೀ ಕೂಡಿಸಿದರೆ ಈ ತಪ್ಪು ಸಿಗುವುದಿಲ್ಲ.

ಕೊಟ್ಟ ಹಣ ಅಷ್ಟೇ ತಾನೇ ಎನ್ನಬಹುದು. ಆದರೆ ಮಾರಿದವರು ಐಜಿಎಸ್‌ಟಿಯನ್ನು ಹೊಸದಾಗಿ ಕಟ್ಟಿ, ಮೊದಲು ಕಟ್ಟಿದ್ದನ್ನು ವಾಪಸು ಕೇಳಬೇಕಾಗುತ್ತದೆ. ಯಾವ ತೆರಿಗೆ ಎಂದು ತಿಳಿಯಲು ಕೊಂಡವರ ಜಿಎಸ್‌ಟಿ ಸಂಖ್ಯೆಯೊಂದನ್ನೇ ನೋಡಿದರೆ ಆಗದೇ? ಆಗದು. ಚೆನ್ನೈ ಕಂಪನಿಯವರು ಬೆಂಗಳೂರಿನ ಹೋಟೆಲಿನಲ್ಲಿ ತಂಗಿದರೆ ಪೂರೈಕೆಯ ಸ್ಥಳ ಕರ್ನಾಟಕವೇ. ಅಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದೇ ಸರಿ.