ಹಳೆ ರೌಟರ್ ಕೊಳ್ಳುವ ಮುನ್ನ ಅಂಗಡಿಯಲ್ಲೇ ನೋಡಬೇಕಾದ್ದು

ಗೂಡಲೂರು, ಮಸಿನಗುಡಿ ಕಡೆಯ ಸದಸ್ಯರಲ್ಲಿ ಕೆಲವರು ಮೈಸೂರಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ರೌಟರ್ ತರುವುದುಂಟು. ಮನೆಯಲ್ಲಿ ಅದು ಓಡದಿದ್ದರೆ ಹಿಂದಿರುಗಿಸಲು ಮತ್ತೆ ಬಂಡೀಪುರ ದಾಟಬೇಕು. ಹಾಗಾಗಿ ಒಂದು ಲ್ಯಾಪ್‌ಟಾಪ್, ಒಂದು ನೆಟ್‌ವರ್ಕ್ ಕೇಬಲ್ ಜೊತೆಗಿಟ್ಟುಕೊಂಡು ಅಂಗಡಿಯಲ್ಲೇ ಅರ್ಧ ಗಂಟೆ ಪರೀಕ್ಷಿಸಿ.

ಮೊದಲು ಹಿಂಬದಿಯ ಪೋರ್ಟ್‌ಗಳು. ಟೆಲಿಫೋನ್ ತಂತಿ ಸಿಕ್ಕಿಸುವ ಸಣ್ಣ ಪೋರ್ಟ್ ಇದ್ದು, ‘ವ್ಯಾನ್’ ಎಂಬ ಅಗಲ ಪೋರ್ಟ್ ಇಲ್ಲದಿದ್ದರೆ ಅದು ಹಳೆಯ ಬ್ರಾಡ್‌ಬ್ಯಾಂಡ್ ಕಾಲದ್ದು. ಫೈಬರ್ ಸಂಪರ್ಕವಿರುವವರು ಅದನ್ನು ಬಿಡುವುದೇ ಒಳ್ಳೆಯದು. ಫೈಬರ್ ಎಳೆ ನೇರವಾಗಿ ಸೇರುವ ಪೆಟ್ಟಿಗೆಯನ್ನೂ ಕೊಳ್ಳಬೇಡಿ. ಅದು ಸಾಮಾನ್ಯವಾಗಿ ಒಂದೇ ಕಂಪನಿಯ ಸಂಪರ್ಕಕ್ಕೆ ಕಟ್ಟುಬಿದ್ದಿರುತ್ತದೆ.

ಇನ್ನು ವೇಗ. ಅಡಿಯ ಚೀಟಿಯಲ್ಲಿರುವ ಮಾಡೆಲ್ ಹೆಸರನ್ನು ತಯಾರಕರ ಸೈಟಿನಲ್ಲಿ ಹುಡುಕಿ. ಉದಾಹರಣೆಗೆ ಬಹಳ ಕಡೆ ಸಿಗುವ TL-WR841N. ಅದರ ಪೋರ್ಟ್‌ಗಳು 100 ಎಂಬಿಪಿಎಸ್‌ನವು. ನಿಮ್ಮ ಪ್ಲಾನ್ 200 ಎಂಬಿಪಿಎಸ್ ಆಗಿದ್ದರೂ ಒಳಗೆ ಬರುವುದು ಸುಮಾರು 94 ಮಾತ್ರ. ಅದರ ವೈಫೈ ನಾಲ್ಕನೇ ಪೀಳಿಗೆಯದು, 2.4 ಗಿಗಾಹರ್ಟ್ಸ್ ಮಾತ್ರ. ಈ ತರಂಗ ಊಟಿಯ ದಪ್ಪ ಕಲ್ಲುಗೋಡೆಯನ್ನು 5 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ದಾಟುತ್ತದೆ, ಆದರೆ ವೇಗ ಕಡಿಮೆ. 50 ಎಂಬಿಪಿಎಸ್ ಪ್ಲಾನ್‌ನ ಸಣ್ಣ ಮನೆಗೆ ಸಾಕು. ಹೆಚ್ಚಿನ ಪ್ಲಾನ್ ಇದ್ದವರು ಗಿಗಾಬಿಟ್ ಪೋರ್ಟ್ ಮತ್ತು ಎರಡೂ ತರಂಗ ಇರುವ ವೈಫೈ 5 ಅಥವಾ 6 ಹುಡುಕಿ. ‘ಎಸಿ1200’ ಎಂದಿದ್ದರೆ ಅದು ಎರಡು ತರಂಗಗಳ ಲೆಕ್ಕದ ಮೊತ್ತ. ಒಂದು ಫೋನಿಗೆ ಅಷ್ಟು ಸಿಗದು.

ಮೂರನೆಯದು ಫರ್ಮ್‌ವೇರ್, ಅಂದರೆ ರೌಟರ್ ಒಳಗಿನ ತಂತ್ರಾಂಶ. ಚೀಟಿಯಲ್ಲಿ ಮಾಡೆಲ್ ಪಕ್ಕದ ವರ್ಷನ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಒಂದೇ ಹೆಸರಿನ ಮಾಡೆಲ್‌ನಲ್ಲಿ ಒಂದು ವರ್ಷನ್‌ಗೆ ಅಪ್‌ಡೇಟ್ ಬರುತ್ತಿದ್ದು, ಇನ್ನೊಂದಕ್ಕೆ ನಿಂತಿರಬಹುದು. ಸೈಟಿನಲ್ಲಿ ಆ ವರ್ಷನ್‌ನ ಕೊನೆಯ ಅಪ್‌ಡೇಟ್ ದಿನಾಂಕ ನೋಡಿ. ಹಲವು ವರ್ಷ ಹಳೆಯದಾದರೆ, ಅಥವಾ ಬೆಂಬಲ ಮುಗಿದಿದೆ ಎಂದು ಬರೆದಿದ್ದರೆ, ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಮದ್ದು ಬರುವುದಿಲ್ಲ. ಅಂಥದ್ದು ಅಗ್ಗವಾದರೂ ಬೇಡ.

ಕೊನೆಗೆ ಸವೆತ. ನಮ್ಮ ಮಂಜು, ಮಳೆಯಲ್ಲಿ ಪೋರ್ಟ್‌ನ ತಾಮ್ರದ ಪಿನ್‌ಗಳು ಹಸಿರುಗಟ್ಟುತ್ತವೆ. ಟಾರ್ಚ್ ಹಾಕಿ ನೋಡಿ. ಗುಡುಗು ಸಿಡಿಲಿನಲ್ಲಿ ಪೆಟ್ಟು ತಿಂದ ರೌಟರ್‌ನ ದೀಪ ಉರಿಯುತ್ತಿದ್ದರೂ ವ್ಯಾನ್ ಪೋರ್ಟ್ ಸತ್ತಿರಬಹುದು. ಆದ್ದರಿಂದ ಕೇಬಲನ್ನು ಪ್ರತಿ ಪೋರ್ಟ್‌ಗೂ ಹಾಕಿ, ಅದರ ದೀಪ ಹತ್ತುತ್ತದೆಯೇ ಪರೀಕ್ಷಿಸಿ. ಅಡಾಪ್ಟರ್‌ನ ವೋಲ್ಟ್ ಚೀಟಿಯಲ್ಲಿರುವಷ್ಟೇ ಇರಬೇಕು. ಆಂಪಿಯರ್ ಅಷ್ಟು ಅಥವಾ ಹೆಚ್ಚು ಇದ್ದರೆ ಸರಿ. ಪವರ್ ಪಿನ್ ಅಲ್ಲಾಡಿಸಿದಾಗ ರೌಟರ್ ಆರಿ ಹತ್ತಿದರೆ ಬಿಟ್ಟುಬಿಡಿ.

ಎಲ್ಲ ಸರಿಯಿದ್ದರೆ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ. ನಂತರ ಬ್ರೌಸರ್‌ನಲ್ಲಿ ಚೀಟಿಯಲ್ಲಿರುವ ವಿಳಾಸ (ಹೆಚ್ಚಾಗಿ 192.168.0.1 ಅಥವಾ 192.168.1.1) ತೆರೆಯಿರಿ. ಪುಟ ತೆರೆದು, ಚೀಟಿಯ ಪಾಸ್‌ವರ್ಡ್‌ನಿಂದ ಒಳಗೆ ಹೋಗಲು ಅಥವಾ ಹೊಸ ಪಾಸ್‌ವರ್ಡ್ ಇಡಲು ಸಾಧ್ಯವಾದರೆ ಮಾತ್ರ ದುಡ್ಡು ಕೊಡಿ.